ತಂಗಿ, ಮದುವೆಗೆ ಹತ್ತು ದಿನ ಮೊದಲೇ ಬಾ: ಒಡಹುಟ್ಟಿದವಳಿಗೆ ಪತ್ರ ಬರೆಯುವ ಬಗೆ

ನನ್ನ ದೊಡ್ಡ ಮಗಳ ಮದುವೆಗೆ ತಂಗಿಗೆ ಪತ್ರ ಬರೆದಿದ್ದೆ. ಅದರಲ್ಲಿ ಮುಖ್ಯವಾದ ಮಾತು ಒಂದೇ ಇತ್ತು: "ಮದುವೆಗೆ ಸ್ವಲ್ಪ ಬೇಗ ಬಾ." ಅವಳು ಬಂದಳು. ಮದುವೆಯ ಹಿಂದಿನ ದಿನ ಸಂಜೆ ಐದು ಗಂಟೆಗೆ ಬ್ಯಾಗು ಹಿಡಿದು ಛತ್ರದ ಬಾಗಿಲಲ್ಲಿ ನಿಂತಿದ್ದಳು. ಅವಳ ಲೆಕ್ಕದಲ್ಲಿ ಅದು ಬೇಗವೇ. ಬೇರೆ ನೆಂಟರೆಲ್ಲ ಮುಹೂರ್ತದ ಹೊತ್ತಿಗೆ ಬರುವವರು, ಇವಳು ಒಂದು ರಾತ್ರಿ ಮೊದಲು ಬಂದಿದ್ದಳು.

ನಾನು ಆಗ ಗಂಡನ ಜೊತೆ ಮಣೆ ಮೇಲೆ ಕೂತಿದ್ದೆ. ಎದುರಿಗೆ ಅಯ್ಯನವರು, ಕೈಯಲ್ಲಿ ಅಕ್ಕಿ. ಅಡುಗೆಯವನು ಬಂದು ಸಕ್ಕರೆ ಕೇಳಿದ. ಉಗ್ರಾಣದ ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿ. ತಂಗಿ ಪಕ್ಕದಲ್ಲಿ ಬಂದು "ನಾನೇನು ಮಾಡ್ಲಿ ಅಕ್ಕಾ?" ಅಂತ ಮೆಲ್ಲಗೆ ಕೇಳಿದಳು. ಸಕ್ಕರೆ ಮೂಟೆ ಯಾವ ಮೂಲೆಯಲ್ಲಿದೆ, ಬೀಗರಿಗೆ ಕೊಡುವ ಸೀರೆ ಯಾವ ಟ್ರಂಕಿನಲ್ಲಿದೆ, ಯಾವುದನ್ನೂ ಅವಳಿಗೆ ಹೇಳುವಷ್ಟು ಹೊತ್ತು ನನಗಿರಲಿಲ್ಲ. ಸಹಾಯ ಮಾಡಲು ಬಂದವಳು ಎರಡು ದಿನ ಸುಮ್ನೆ ನಿಂತು ನೋಡಬೇಕಾಯಿತು. ಅದು ಅವಳಿಗೂ ನೋವು, ನನಗೂ ನೋವು.

ಎರಡನೇ ಮಗಳ ಮದುವೆಗೆ ಪತ್ರವನ್ನು ಬೇರೆ ರೀತಿ ಬರೆದೆ. ಆಮೇಲೆ ನಮ್ಮ ಓಣಿಯ ಮೂರು ನಾಲ್ಕು ಜನ ಹೆಣ್ಣುಮಕ್ಕಳು ಬಂದು "ನಮಗೂ ಹಾಗೇ ಒಂದು ಬರೆದುಕೊಡಿ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ದಾವಣಗೆರೆ. ತಂಗಿಯನ್ನು ಕೊಟ್ಟಿರುವುದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ. ಶಾಸ್ತ್ರಗಳು ಮನೆತನಕ್ಕೊಂದು ರೀತಿ ಇರುತ್ತವೆ. ನಿಮ್ಮ ಮನೆಯ ಪದ್ಧತಿಗೆ ತಕ್ಕಂತೆ ದಿನಗಳನ್ನು ಬದಲಿಸಿಕೊಳ್ಳಿ.

ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳುತ್ತಾರೆ. ಫೋನಿನಲ್ಲಿ "ಬೇಗ ಬಾರೇ" ಅಂದರೆ "ಆಯ್ತಕ್ಕ" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಅವಳ ಮನೆಯವರಿಗೆ ಅರ್ಧ ಮಾತು ಮಾತ್ರ ಕೇಳಿಸಿರುತ್ತದೆ. ಪತ್ರವಾದರೆ ಮನೆಯಲ್ಲಿ ಉಳಿಯುತ್ತದೆ. ಅತ್ತೆ ಒಮ್ಮೆ ಓದಿಸಿಕೊಳ್ಳುತ್ತಾರೆ, ಗಂಡ ಒಮ್ಮೆ ನೋಡುತ್ತಾನೆ. ಹೆಂಡತಿಯನ್ನು ಎರಡು ವಾರ ಕಳಿಸಬೇಕಾದ ಮನೆ ಅದು. ಆ ಮನೆಗೆ ಯೋಚನೆ ಮಾಡಲು ಒಂದು ಕಾಗದ ಕೈಯಲ್ಲಿರಬೇಕು.

ಪೆನ್ನು ಹಿಡಿಯುವ ಮೊದಲು ಹಿಂದಕ್ಕೆ ಎಣಿಸಿ

ತಂಗಿ ಯಾವತ್ತು ಬರಬೇಕು ಅನ್ನುವುದನ್ನು ಅಂದಾಜಿನಲ್ಲಿ ಹೇಳಬೇಡಿ. ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿದರೆ ದಿನ ತಾನಾಗಿ ಸಿಗುತ್ತದೆ. ನನ್ನ ಎರಡನೇ ಮಗಳ ಮದುವೆ ಮೇ 10, ಭಾನುವಾರ. ಶನಿವಾರ 9ಕ್ಕೆ ಛತ್ರಕ್ಕೆ ಹೋಗುವುದು. ಶುಕ್ರವಾರ 8ಕ್ಕೆ ಮನೆ ಮುಂದೆ ಚಪ್ಪರ, ಅರಿಶಿನ, ದೇವರ ಕಾರ್ಯ. ಗುರುವಾರ 7ಕ್ಕೆ ಬಳೆಗಾರ ಮನೆಗೆ ಬಂದು ಎಲ್ಲರಿಗೂ ಹಸಿರು ಬಳೆ ಇಡುವುದು.

ಇದರಲ್ಲಿ ಗಮನಿಸಬೇಕಾದ ದಿನ ಚಪ್ಪರದ ದಿನ. ಅವತ್ತಿನಿಂದ ತಾಯಿಯ ಕೈ ಖಾಲಿ ಇರುವುದಿಲ್ಲ. ಶಾಸ್ತ್ರಕ್ಕೆ ಗಂಡ ಹೆಂಡತಿ ಕೂರಬೇಕು. ಮಣೆ ಮೇಲೆ ಕೂತವಳು ನಡುವೆ ಏಳುವ ಹಾಗಿಲ್ಲ. ಹಾಗಾಗಿ ಬೀಗದ ಕೈ, ದುಡ್ಡು, ಉಡಿ ಸಾಮಾನು ಎಲ್ಲವೂ ಅದಕ್ಕೆ ಮೊದಲೇ ಬೇರೆಯವರ ಕೈಗೆ ಹೋಗಿರಬೇಕು. ಹೋದರೆ ಸಾಲದು. ಆ ಕೈಗೆ ಅಭ್ಯಾಸವೂ ಆಗಿರಬೇಕು. ನಾನು ಅದಕ್ಕೆ ಬುಧವಾರ 6ನ್ನು ಇಟ್ಟುಕೊಂಡೆ. ಅವತ್ತು ಬೀಗದ ಕೈ ತಂಗಿಗೆ ಕೊಟ್ಟು, ಒಂದು ದಿನ ಪೂರ್ತಿ ಅವಳೇ ಎಲ್ಲ ತೆಗೆದು ಕೊಡುವ ಹಾಗೆ ಮಾಡುವುದು. ನಾನು ಮನೆಯಲ್ಲೇ ಇರುತ್ತೇನೆ. ತಿಳಿಯದಿದ್ದರೆ ಕೇಳಬಹುದು.

ಅದಕ್ಕೂ ಹಿಂದೆ ಬುತ್ತಿಯ ಕೆಲಸ. ಊಟಕ್ಕೆ ಅಡುಗೆಯವರನ್ನು ಗೊತ್ತು ಮಾಡಿದ್ದರೂ, ಮಗಳ ಜೊತೆ ಕಳಿಸುವ ಉಂಡೆ, ಚಕ್ಕುಲಿಯನ್ನು ಮನೆಯಲ್ಲೇ ಮಾಡುತ್ತೇವೆ. ಇದನ್ನು ಜಾಸ್ತಿ ಮೊದಲೇ ಮಾಡಿದರೆ ಎಣ್ಣೆ ಕಮಟು ವಾಸನೆ ಬರುತ್ತದೆ, ಚಕ್ಕುಲಿ ಮೆತ್ತಗಾಗುತ್ತದೆ. ಕೊನೆಗೆ ಇಟ್ಟುಕೊಂಡರೆ ಒಲೆ ಮುಂದೆ ಕೂರುವವರಿಲ್ಲ. ಮದುವೆಗೆ ಐದರಿಂದ ಏಳು ದಿನ ಮೊದಲು ಸರಿಯಾದ ಸಮಯ. ಅಂದರೆ ಭಾನುವಾರ 3ರಿಂದ ಮಂಗಳವಾರ 5ರವರೆಗೆ. ಅದಕ್ಕೆ ಮೊದಲು ಒಂದೆರಡು ದಿನ ಅವಳು ದಣಿವಾರಿಸಿಕೊಳ್ಳಬೇಕು, ಮನೆ ತಿಳಿದುಕೊಳ್ಳಬೇಕು, ಮದುಮಗಳ ಜೊತೆ ಕೂತು ಮಾತಾಡಬೇಕು.

ಹೀಗೆ ಎಣಿಸಿದರೆ ಶುಕ್ರವಾರ, ಮೇ 1 ಬರುತ್ತದೆ. ಆದರೆ ನಮ್ಮ ಕಡೆ ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವುದಿಲ್ಲ. ಅಮಾವಾಸ್ಯೆಯ ದಿನವೂ ಕಳಿಸುವುದಿಲ್ಲ. ನಿಮಗೆ ಆ ನಂಬಿಕೆ ಇಲ್ಲದಿರಬಹುದು. ಕಳಿಸುವ ಮನೆಗೆ ಇದ್ದರೆ ನಿಮ್ಮ ಪತ್ರದ ದಿನ ಅಲ್ಲೇ ಬಿದ್ದುಹೋಗುತ್ತದೆ, ಮತ್ತೆ ಅವಳು ಬರುವುದು ಮೂರು ದಿನ ತಡ. ಅದಕ್ಕೇ ನಾನು ಏಪ್ರಿಲ್ 30, ಗುರುವಾರ ಅಂತ ಬರೆದೆ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡೇ ಈ ಕೆಲಸ ಮಾಡಿ. ಅವಳ ಊರಿನ ಸಂತೆ ಯಾವ ದಿನ ಅಂತಲೂ ನೆನಪಿಸಿಕೊಳ್ಳಿ. ಸಂತೆ ದಿನ ಬಸ್ಸಿನಲ್ಲಿ ಚೀಲ ಇಡಲು ಜಾಗ ಸಿಗುವುದಿಲ್ಲ.

ಅವಳಿಗೇ ಅಂತ ಇರುವ ಕೆಲಸ ಯಾವುದು?

"ಕೆಲಸ ಬಹಳ ಇದೆ, ಬಾ" ಅಂತ ಬರೆದರೆ ಓದಿದವರಿಗೆ ಪಾತ್ರೆ, ಒಲೆ, ಕಸವೇ ಕಣ್ಣಿಗೆ ಬರುತ್ತದೆ. ಅವಳ ಅತ್ತೆಗಂತೂ "ದುಡಿಸಿಕೊಳ್ಳೋಕೆ ಕರೀತಿದ್ದಾರೆ" ಅನ್ನಿಸಿಬಿಡುತ್ತದೆ. ಕೂಲಿ ಕೊಟ್ಟರೆ ಆಗುವ ಕೆಲಸವನ್ನು ಪತ್ರದಲ್ಲಿ ಬರೆಯಬೇಡಿ. ದುಡ್ಡು ಕೊಟ್ಟರೂ ಬೇರೆಯವರಿಂದ ಆಗದ ಕೆಲಸ ಎರಡು ಮೂರು ಇರುತ್ತವೆ. ಅವನ್ನು ಮಾತ್ರ ಬರೆಯಿರಿ.

ನನಗೆ ಮೂರು ಕೆಲಸ ಸಿಕ್ಕವು. ಒಂದು, ಬೀಗದ ಕೈ. ಒಡವೆ, ದುಡ್ಡು, ಉಗ್ರಾಣ ಇರುವ ಕೋಣೆಯ ಬೀಗವನ್ನು ಒಡಹುಟ್ಟಿದವಳಿಗಲ್ಲದೆ ಯಾರಿಗೆ ಕೊಡಲಿ? ಎರಡು, ಬುತ್ತಿ. ಅವಳು ಕಟ್ಟುವ ಶೇಂಗಾ ಉಂಡೆ ನಮ್ಮ ಅವ್ವ ಕಟ್ಟುತ್ತಿದ್ದ ಹಾಗೇ ಇರುತ್ತದೆ. ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಅದು ಮುಯ್ಯಿ ಸೀರೆಗಳನ್ನು ಹೊಂದಿಸುವುದು.

ಮುಯ್ಯಿ ಅಂದರೆ ಕೊಟ್ಟಿದ್ದಕ್ಕೆ ತಿರುಗಿ ಕೊಡುವುದು. ಯಾರ ಮನೆಯ ಮದುವೆಯಲ್ಲಿ ನಮಗೆ ಏನು ಬಂದಿತ್ತು ಅನ್ನುವುದಕ್ಕೆ ತಕ್ಕಂತೆ ನಾವು ಸೀರೆ, ಕುಪ್ಪಸದ ಬಟ್ಟೆ, ಪಂಚೆ, ಟವೆಲ್ ಕೊಡಬೇಕು. ಇದರಲ್ಲಿ ಗಂಡನ ಮನೆಯ ಕಡೆಯವರ ಲೆಕ್ಕ ಅತ್ತೆ ನಾದಿನಿಯರಿಗೆ ಗೊತ್ತಿರುತ್ತದೆ. ತವರಿನ ಕಡೆಯವರ ಲೆಕ್ಕ ಗೊತ್ತಿರುವುದು ನನಗೂ ತಂಗಿಗೂ ಮಾತ್ರ. ಸೋದರತ್ತೆಗೆ ಕೊಟ್ಟು ಅವರ ಸೊಸೆಗೆ ಕೊಡದಿದ್ದರೆ ಆಗುವ ಬೇಜಾರು ಹತ್ತು ವರ್ಷ ಹೋಗುವುದಿಲ್ಲ. ಹಾಗಾಗಿ ಪ್ರತಿ ಸೀರೆಯ ಮೇಲೂ ಹೆಸರಿನ ಚೀಟಿ ಸಿಕ್ಕಿಸಿ, ಮನೆಗೊಂದು ಕಟ್ಟು ಮಾಡಿ ಟ್ರಂಕಿನಲ್ಲಿ ಇಡಬೇಕು. ಮದುವೆಯ ದಿನ ನನ್ನ ಬದಲು ಕೊಡುವವಳು ಅವಳು. ಬಂದವರ ಮುಖ ನೋಡಿ ಹೆಸರು ಹೇಳಬಲ್ಲವಳೂ ಅವಳೇ.

ಈ ಪತ್ರವನ್ನು ಮೂರು ಜನ ಓದುತ್ತಾರೆ

ತಂಗಿ, ಅವಳ ಅತ್ತೆ, ಅವಳ ಗಂಡ. ಬರೆಯುವಾಗ ಮೂವರೂ ಎದುರಿಗೆ ಕೂತಿದ್ದಾರೆ ಅಂದುಕೊಳ್ಳಿ.

ಮೂವರ ಮುಂದೆ ಆಡಬಾರದ ಮಾತು ಕೆಲವಿವೆ. ಬೀಗರ ಬಗ್ಗೆ ದೂರು, ಒಡವೆಯ ತೂಕ, ಸಾಲದ ಮಾತು, ನಿಮ್ಮ ಅತ್ತೆ ನಾದಿನಿಯರ ಬಗ್ಗೆ ಬೇಜಾರು. ಅವನ್ನು ಅವಳು ಬಂದ ಮೇಲೆ ರಾತ್ರಿ ಮಲಗುವಾಗ ಹೇಳಿಕೊಳ್ಳಿ. "ನಿನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ" ಅನ್ನುವ ಮಾತೂ ಬೇಡ. ನಿಮ್ಮ ಗಂಡನ ಮನೆಯವರಿಗೆ ಅದು ತಲುಪುವುದು ಕಷ್ಟವೇನಲ್ಲ. ಬಳ್ಳಾರಿಯವರೋ ಹರಿಹರದವರೋ ಒಬ್ಬರು ನೆಂಟರು ಎರಡೂ ಮನೆಗೆ ಬೇಕಾದವರಿದ್ದೇ ಇರುತ್ತಾರೆ.

ಅತ್ತೆಯ ಮನಸ್ಸಿನಲ್ಲಿ ಬರುವ ಪ್ರಶ್ನೆ ಎರಡು. ಮನೆ ನೋಡಿಕೊಳ್ಳುವವರು ಯಾರು? ವಾಪಸ್ ಯಾವಾಗ ಬರುತ್ತಾಳೆ? ಎರಡಕ್ಕೂ ಪತ್ರದಲ್ಲೇ ಉತ್ತರ ಇರಲಿ. ನನ್ನ ತಂಗಿಯ ಮನೆಯಲ್ಲಿ ಎರಡು ಎಮ್ಮೆ ಇವೆ. ಬೆಳಿಗ್ಗೆ ಸಂಜೆ ಹಾಲು ಕರೆಯಬೇಕು. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಮಾತ್ರೆ ಆಗಬೇಕು. ಇದು ಗೊತ್ತಿದ್ದೂ ಬರೀ "ಬಾ" ಅಂತ ಬರೆಯುವುದು ಸರಿಯಲ್ಲ, ಅಲ್ವಾ? ನಾನು ಮೊದಲು ನಮ್ಮ ಚಿಕ್ಕಪ್ಪನ ಮಗಳನ್ನು ಕೇಳಿದೆ. ಅವಳು ಅದೇ ಊರಿಗೆ ಹತ್ತಿರದಲ್ಲಿದ್ದಾಳೆ, ತಂಗಿ ವಾಪಸ್ ಹೋಗುವವರೆಗೂ ಬಂದಿರಲು ಒಪ್ಪಿದಳು. ಅವಳು ಒಪ್ಪಿದ ಮೇಲೇ ಪತ್ರ ಬರೆದಿದ್ದು. ನಿಮ್ಮ ಕೈಯಲ್ಲಿ ಅಂಥ ವ್ಯವಸ್ಥೆ ಆಗದಿದ್ದರೆ ಸುಳ್ಳು ಭರವಸೆ ಬರೆಯಬೇಡಿ. ದಿನ ಕಡಿಮೆ ಮಾಡಿ ಕೇಳಿ. ಆರು ದಿನ ಸಿಕ್ಕರೂ ಬೀಗದ ಕೈ ಕೊಡುವ ದಿನಕ್ಕೆ ಅವಳು ಇರುತ್ತಾಳೆ.

ವಾಪಸ್ ಕಳಿಸುವ ದಿನವನ್ನು ತಾರೀಖಿನ ಸಮೇತ ಬರೆಯಿರಿ. ತಾರೀಖು ಇಲ್ಲದಿದ್ದರೆ ಆ ಮನೆಯವರ ಮನಸ್ಸಿನಲ್ಲಿ ಎರಡು ವಾರ ಒಂದು ತಿಂಗಳಾಗಿ ಬೆಳೆಯುತ್ತದೆ.

ಇನ್ನೊಂದು ಮಾತು. ಈ ಪತ್ರ ಮದುವೆಯ ಕರೆಯಲ್ಲ. ಅರಿಶಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆ ಹಿಡಿದು ನೀವು ಗಂಡ ಹೆಂಡತಿ ಹೋಗಿ, ಮನೆ ಹಿರಿಯರ ಕೈಗೆ ಕೊಟ್ಟು ಕರೆಯಲೇಬೇಕು. ಅದು ಬೇರೆ, ಇದು ಬೇರೆ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಇಲ್ಲವಾದರೆ "ಒಂದು ಕಾಗದ ಗೀಚಿ ಕರೆದುಬಿಟ್ಟರು" ಅನ್ನುವ ಮಾತು ಬರುತ್ತದೆ. ಅಂಥ ಮಾತಿಗೆ ಎಡೆ ಕೊಟ್ಟರೆ ತಂಗಿ ಅಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಬರೆಯುವ ಕ್ರಮ

ಮೇಲೆ ನಡುವೆ "ಶ್ರೀ" ಅಂತಲೋ ನಿಮ್ಮ ಮನೆದೇವರ ಹೆಸರೋ ಬರೆಯಿರಿ. ಬಲಗಡೆ ಊರು, ತಾರೀಖು. ಆಮೇಲೆ ಒಕ್ಕಣೆ. ತಂಗಿಯಾದರೆ "ಚಿ. ಸೌ." ಅಂತ ಶುರು ಮಾಡಿ ಆಶೀರ್ವಾದ ಬರೆಯುತ್ತೇವೆ. ಅಕ್ಕನಾದರೆ "ಪೂಜ್ಯ ಅಕ್ಕನವರಿಗೆ" ಅಂತ ಬರೆದು ನಮಸ್ಕಾರ ಹೇಳುತ್ತೇವೆ. ಒಕ್ಕಣೆಯಲ್ಲಿ ಗೌರವ ಇಟ್ಟು, ಒಳಗೆ ಮನೆಯಲ್ಲಿ ಮಾತಾಡುವ ಹಾಗೆ "ನೀನು" ಅಂತಲೇ ಬರೆಯಬಹುದು. ಹುಟ್ಟಿದಾಗಿನಿಂದ ನೀನು ಅಂದ ಅಕ್ಕನಿಗೆ ಪತ್ರದಲ್ಲಿ ಒಮ್ಮೆಲೇ ನೀವು ಅಂದರೆ ದೂರದವರು ಬರೆದ ಹಾಗಿರುತ್ತದೆ.

ಕ್ಷೇಮ ಸಮಾಚಾರ ಎರಡು ಸಾಲು ಸಾಕು. ಅದರಲ್ಲೇ ಅತ್ತೆಯವರ ಆರೋಗ್ಯ ಕೇಳಿಬಿಡಿ. ಮೂರನೇ ಸಾಲಿಗೆ ವಿಷಯಕ್ಕೆ ಬನ್ನಿ. ನಾನು ಬರೆದ ಪತ್ರವನ್ನು, ಹೆಸರುಗಳನ್ನು ಬಿಟ್ಟು, ಇಲ್ಲಿ ಇಡುತ್ತೇನೆ.

ಶ್ರೀ

ದಾವಣಗೆರೆ
ಏಪ್ರಿಲ್ 6, ಸೋಮವಾರ

ಚಿ. ಸೌ. ತಂಗಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀವೆಲ್ಲರೂ ಕ್ಷೇಮ ಅಂತ ನಂಬಿದ್ದೇನೆ. ಅತ್ತೆಯವರ ಕಾಲುನೋವು ಈಗ ಹೇಗಿದೆ? ಅವರಿಗೆ ನನ್ನ ನಮಸ್ಕಾರ ತಿಳಿಸು.

ನಮ್ಮ ಪುಟ್ಟಿಯ ಮದುವೆ ಮೇ 10, ಭಾನುವಾರಕ್ಕೆ ಗಟ್ಟಿಯಾಗಿದೆ. ಛತ್ರ ಇಲ್ಲೇ ದಾವಣಗೆರೆಯಲ್ಲಿ. ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟಿದ್ದೇವೆ. ಅದು ಬಂದ ಕೂಡಲೇ ದೇವರ ಮುಂದಿಟ್ಟು ಪೂಜೆ ಮಾಡಿ, ನಾನೂ ನಿಮ್ಮ ಭಾವನವರೂ ನಿಮ್ಮ ಮನೆಗೆ ಬಂದು, ಅತ್ತೆಯವರನ್ನೂ ಮನೆಯವರೆಲ್ಲರನ್ನೂ ಕರೆಯುತ್ತೇವೆ. ಈ ಪತ್ರ ಬರೆದದ್ದು ಕರೆಯುವುದಕ್ಕಲ್ಲ. ನಿನ್ನಿಂದ ಒಂದು ಸಹಾಯ ಕೇಳುವುದಕ್ಕೆ.

ನೀನು ಏಪ್ರಿಲ್ 30, ಗುರುವಾರವೇ ಇಲ್ಲಿಗೆ ಬರಬೇಕು. ಮದುವೆ ಮುಗಿದು, ಬೀಗರ ಊಟವೂ ಆದ ಮೇಲೆ ಮೇ 14, ಗುರುವಾರ ನಿನ್ನನ್ನು ಕಳಿಸಿಕೊಡುತ್ತೇನೆ. ಅದಕ್ಕಿಂತ ಒಂದು ದಿನವೂ ತಡ ಮಾಡುವುದಿಲ್ಲ.

ಯಾಕೆ ಇಷ್ಟು ಮೊದಲು ಅಂತ ಹೇಳುತ್ತೇನೆ. 8ನೇ ತಾರೀಖು ಚಪ್ಪರ. ಅವತ್ತಿನಿಂದ ನಾನು ಶಾಸ್ತ್ರಕ್ಕೆ ಕೂತರೆ ಮನೆಯ ಕಡೆ ನೋಡಲು ಆಗುವುದಿಲ್ಲ. ಬೀಗದ ಕೈ ನಿನ್ನ ಹತ್ತಿರ ಇದ್ದರೆ ನಾನು ನೆಮ್ಮದಿಯಿಂದ ಮಣೆ ಮೇಲೆ ಕೂರುತ್ತೇನೆ. 6ರಂದೇ ನಿನಗೆ ಒಪ್ಪಿಸುತ್ತೇನೆ. ಅದಕ್ಕೆ ಮೊದಲು ಪುಟ್ಟಿಯ ಜೊತೆ ಕಳಿಸುವ ಬುತ್ತಿ ಆಗಬೇಕು. ಅವ್ವನ ಹಾಗೆ ಶೇಂಗಾ ಉಂಡೆ ಕಟ್ಟಲು ನನಗೆ ಇವತ್ತಿಗೂ ಬರುವುದಿಲ್ಲ. ಪಾಕ ನಿನ್ನ ಕೈಯಲ್ಲೇ ಸರಿ ಬರುವುದು. ಇನ್ನು ನಮ್ಮ ತವರಿನ ಕಡೆಯವರಿಗೆ ಕೊಡುವ ಮುಯ್ಯಿ ಸೀರೆ. ಜವಳಿ ತಂದು ಇಟ್ಟಿದ್ದೇನೆ. ಯಾರಿಗೆ ಯಾವುದು ಅಂತ ನೀನೂ ನಾನೂ ಕೂತು ಹೆಸರು ಬರೆದಿಡೋಣ. ಒಲೆ ಮುಂದಿನ ಕೆಲಸಕ್ಕೂ ಪಾತ್ರೆಗೂ ಇಬ್ಬರು ಹೆಣ್ಣಾಳುಗಳನ್ನು ಗೊತ್ತು ಮಾಡಿದ್ದೇನೆ. ನೀನು ಅದಕ್ಕೆ ಕೈ ಹಾಕಬೇಕಾಗಿಲ್ಲ.

ನೀನು ಇಲ್ಲಿಗೆ ಬಂದರೆ ಅಲ್ಲಿ ಅತ್ತೆಯವರಿಗೂ ಎಮ್ಮೆಗಳಿಗೂ ತೊಂದರೆ ಆಗಬಾರದು. ಚಿಕ್ಕಪ್ಪನ ಮಗಳನ್ನು ಕೇಳಿದ್ದೇನೆ. 29ರ ಸಂಜೆಯೇ ನಿಮ್ಮ ಮನೆಗೆ ಬಂದು, ನೀನು ವಾಪಸ್ ಹೋಗುವವರೆಗೂ ಇರುತ್ತಾಳೆ. ಹಾಲು ಕರೆಯುವುದು ಅವಳಿಗೆ ಗೊತ್ತು. ಅತ್ತೆಯವರ ಮಾತ್ರೆಯ ಹೊತ್ತು ಅವಳಿಗೆ ಬರೆದುಕೊಟ್ಟು ಬಾ. ಇದು ಅತ್ತೆಯವರಿಗೆ ಒಪ್ಪಿಗೆಯೋ ಅಂತ ಮೊದಲು ಕೇಳು. ಬೇರೆ ಏನಾದರೂ ಅನುಕೂಲ ಅಂದರೆ ಹಾಗೇ ಮಾಡೋಣ.

ಮಕ್ಕಳಿಗೆ ರಜೆ ಇರುತ್ತದೆ, ಇಬ್ಬರನ್ನೂ ಕರೆದುಕೊಂಡು ಬಾ. ನಿಮ್ಮ ಯಜಮಾನರಿಗೆ ಹೊಲದ ಕೆಲಸ ನೋಡಿಕೊಂಡು ಚಪ್ಪರದ ಹೊತ್ತಿಗೆ ಬರಲು ಹೇಳು. 30ರ ಬೆಳಿಗ್ಗೆ ನಮ್ಮ ಸಣ್ಣವನು ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹನ್ನೊಂದು ಗಂಟೆಗೆ ನಿನಗಾಗಿ ಕಾದಿರುತ್ತಾನೆ. ಚೀಲ ಅವನು ಹೊರುತ್ತಾನೆ. ಆಧಾರ್ ಕಾರ್ಡ್ ಮರೆಯಬೇಡ.

ಬರುವಾಗ ನಿಮ್ಮ ಹೊಲದ ಶೇಂಗಾ ಐದು ಕೆಜಿ ತಾ. ಅದೊಂದು ಬಿಟ್ಟು ಬೇರೇನೂ ತರಬೇಡ. ಪುಟ್ಟಿಗೆ ಅಂತ ಸೀರೆ, ಪಾತ್ರೆ ಯಾವುದಕ್ಕೂ ಖರ್ಚು ಮಾಡಬೇಡ. ನೀನು ಬರುವುದೇ ಸಾಕು.

ನಿನ್ನ ಉತ್ತರ 18ನೇ ತಾರೀಖಿನ ಒಳಗೆ ತಿಳಿದರೆ ನನಗೆ ಅನುಕೂಲ. ಪುಟ್ಟಿ ದಿನಾ "ಚಿಕ್ಕಮ್ಮ ಯಾವಾಗ ಬರ್ತಾಳೆ?" ಅಂತ ಕೇಳುತ್ತಿದ್ದಾಳೆ.

ಇಂತಿ ನಿನ್ನ ಅಕ್ಕ

ಈ ಪತ್ರದಲ್ಲಿ ಶೇಂಗಾ ಕೇಳಿದ್ದನ್ನು ನೋಡಿ ಒಬ್ಬರು "ಸಹಾಯಕ್ಕೆ ಕರೆದು ಸಾಮಾನೂ ಕೇಳಬೇಕಾ?" ಅಂದರು. ಕೇಳಬೇಕು ಅಂತಲೇ ನನ್ನ ಅಭಿಪ್ರಾಯ. ಏನೂ ತರಬೇಡ ಅಂದರೆ ಯಾವ ತಂಗಿಯೂ ಬರಿಗೈಯಲ್ಲಿ ಬರುವುದಿಲ್ಲ. ಸಾಲ ಮಾಡಿಯಾದರೂ ಏನಾದರೂ ತರುತ್ತಾಳೆ. ಮನೆಯಲ್ಲೇ ಇರುವ ವಸ್ತು ಒಂದನ್ನು ಹೆಸರಿಟ್ಟು ಕೇಳಿದರೆ ಅವಳ ಮನಸ್ಸಿಗೆ ಸಮಾಧಾನ, ಖರ್ಚಿಲ್ಲ. ಚಳ್ಳಕೆರೆ ಸೀಮೆ ಶೇಂಗಾ ಬೆಳೆಯುವ ಸೀಮೆ, ಅವರ ಮನೆಯಲ್ಲಿ ಬೀಜ ಇದ್ದೇ ಇರುತ್ತದೆ. ಐದು ಕೆಜಿ ಶೇಂಗಾಕ್ಕೆ ನಾಲ್ಕು ಕೆಜಿಯಷ್ಟು ಬೆಲ್ಲ ಹಾಕಿ ಕಟ್ಟಿದರೆ ಇನ್ನೂರು ಉಂಡೆ ಆಗುತ್ತದೆ. ಬುತ್ತಿಗೆ ಅಷ್ಟು ಸಾಕು. ಆ ವರ್ಷ ಅವರ ಹೊಲದಲ್ಲಿ ಬೆಳೆ ಕೈಕೊಟ್ಟಿದ್ದರೆ ಮಾತ್ರ ಅದನ್ನು ಕೇಳಬಾರದು. ತೆಂಗಿನ ಗರಿಯ ಪೊರಕೆಯಾದರೂ ಸರಿ, ಬೇರೇನಾದರೂ ಕೇಳಿ.

ಆಧಾರ್ ಕಾರ್ಡಿನ ಮಾತು ಯಾಕೆ ಅಂದರೆ, 2023ರ ಜೂನ್ 11ರಿಂದ ರಾಜ್ಯದ ಒಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಬೇಕು. ಹಾಗಂತ "ಬಸ್ ಫ್ರೀ ಇದೆಯಲ್ಲ, ಬಾ" ಅಂತ ಬರೆಯಬೇಡಿ. ಕರೆಯುವವರು ಕಳಿಸಬೇಕಾದದ್ದು ಜನವನ್ನು. ಒಬ್ಬ ಹುಡುಗ ಹೋಗಿ ನಿಂತು ಕರೆತಂದರೆ ಆ ಮನೆಯಲ್ಲಿ ಅವಳಿಗೆ ಒಂದು ಮರ್ಯಾದೆ.

ಅಂಚೆಗೆ ಹಾಕುವುದು

ಇನ್‌ಲ್ಯಾಂಡ್ ಪತ್ರದ ಒಳಗೆ ಏನನ್ನೂ ಇಡುವ ಹಾಗಿಲ್ಲ. ಪ್ರಸಾದವೋ ಮದುಮಗಳ ಫೋಟೋವೋ ಜೊತೆಗೆ ಇಡಬೇಕು ಅನ್ನಿಸಿದರೆ ಕವರ್ ತೆಗೆದುಕೊಳ್ಳಿ. ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ. ನೀರಿನಲ್ಲಿ ಕಲಸಿದ ಅರಿಶಿನ ಅಕ್ಷರದ ಮೇಲೆ ಹರಡುತ್ತದೆ. ಬೆರಳಿಗೆ ಒಣ ಅರಿಶಿನ ಅದ್ದಿಕೊಂಡು ಹಚ್ಚಿ.

ವಿಳಾಸದಲ್ಲಿ ತಂಗಿಯ ಹೆಸರಿನ ಕೆಳಗೆ ಅವಳ ಮಾವನ ಹೆಸರೋ ಗಂಡನ ಹೆಸರೋ ಬರೆಯಿರಿ. ಹಳ್ಳಿಯ ಪೋಸ್ಟ್‌ಮ್ಯಾನ್‌ಗೆ ಮನೆ ಗೊತ್ತಿರುವುದು ಯಜಮಾನರ ಹೆಸರಿನಿಂದ. ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಬಿಡಬೇಡಿ. ಚಳ್ಳಕೆರೆ ಪಟ್ಟಣದ್ದು 577522. ಹಳ್ಳಿಗಳದ್ದು ಬೇರೆ ಇರಬಹುದು, ಹಳೆಯ ಪತ್ರವೋ ಆಧಾರ್ ಕಾರ್ಡೋ ನೋಡಿ ಬರೆಯಿರಿ. ಬರುವ ದಿನಕ್ಕೆ ಮೂರು ವಾರ ಮೊದಲೇ ಹಾಕಿದರೆ ಪತ್ರ ತಲುಪಲು ಒಂದು ವಾರ, ಅವರು ಯೋಚಿಸಲು ಒಂದು ವಾರ, ಉತ್ತರ ಸರಿಯಿಲ್ಲದಿದ್ದರೆ ನಿಮಗೆ ಬೇರೆ ದಾರಿ ನೋಡಲು ಒಂದು ವಾರ ಸಿಗುತ್ತದೆ.

ಉತ್ತರ ಓದುವುದು

ಪತ್ರ ಹಾಕಿ ಒಂದು ವಾರ ಕಳೆದ ಮೇಲೆ ಫೋನ್ ಮಾಡಿ. ಮೊದಲು ಅತ್ತೆಯವರ ಜೊತೆ ಮಾತಾಡಿ. ಅವರೇ "ಪತ್ರ ಬಂತಮ್ಮ, ಕಳಿಸ್ತೀವಿ" ಅಂದರೆ ಕೆಲಸ ಆಯಿತು.

"ನೋಡೋಣ ಅಕ್ಕ" ಅಂತ ತಂಗಿ ಅಂದರೆ ಅದು ಹೂಂ ಅಲ್ಲ. ಅವಳ ಬಾಯಲ್ಲಿ ಅದು "ಇಲ್ಲಿ ಒಪ್ಪಿಲ್ಲ" ಅನ್ನುವ ಮಾತು. ಅಲ್ಲೇ ಜೋರು ಮಾಡಬೇಡಿ. ಲಗ್ನಪತ್ರಿಕೆ ಕೊಡಲು ಹೋಗುತ್ತೀರಲ್ಲ, ಆಗ ಅತ್ತೆಯ ಪಕ್ಕ ಕೂತು ನೀವೇ ಕೇಳಿ. ನನಗೂ ಹಾಗೇ ಆಯಿತು. ತಂಗಿ "ನೋಡೋಣ" ಅಂದಿದ್ದಳು. ಹೋಗಿ ಕೇಳಿದಾಗ ತಿಳಿಯಿತು, ಅವರ ಊರ ದೇವರ ಜಾತ್ರೆ ಮೇ 1ಕ್ಕೇ ಬಿದ್ದಿತ್ತು. ಸೊಸೆ ಇಲ್ಲದೆ ಆರತಿ ಹೊರುವವರಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ. ಜಾತ್ರೆ ಮುಗಿಸಿ 2ನೇ ತಾರೀಖು, ಶನಿವಾರ ಕಳಿಸಿ ಅಂದೆ. ಅತ್ತೆಯವರು ಅಲ್ಲೇ ಒಪ್ಪಿದರು. ಎರಡು ದಿನ ಹೋಯಿತು. ಆದರೆ ಬುತ್ತಿಯ ಕೆಲಸ 3ಕ್ಕೆ ಶುರು ಅಂತ ಮೊದಲೇ ಎಣಿಸಿದ್ದರಿಂದ ಯಾವುದೂ ತಪ್ಪಲಿಲ್ಲ. ದಣಿವಾರಿಸಿಕೊಳ್ಳಲು ಇಟ್ಟಿದ್ದ ದಿನಗಳು ಇಲ್ಲಿ ಉಪಯೋಗಕ್ಕೆ ಬಂದವು.

ಗಂಡನನ್ನು ಕಳೆದುಕೊಂಡ ಅಕ್ಕನಿಗೆ ಬರೆಯುವಾಗ

ನಮ್ಮ ಓಣಿಯ ಒಬ್ಬ ತಾಯಿ ನನ್ನಿಂದ ಬರೆಸಿದ್ದು ಅಂಥ ಅಕ್ಕನಿಗೆ. ಅಂಥವರು ಕರೆದರೂ ಮದುವೆಯ ಹಿಂದಿನ ರಾತ್ರಿ ಬಂದು, ಅಡುಗೆಮನೆಯ ಮೂಲೆ ಹಿಡಿದು, ಊಟ ಮುಗಿದ ಮೇಲೆ ಹೊರಟುಬಿಡುತ್ತಾರೆ. ಅರಿಶಿನಕ್ಕೆ, ಆರತಿಗೆ ಯಾರಾದರೂ ಏನಾದರೂ ಅಂದುಬಿಟ್ಟರೆ ಅನ್ನುವ ಭಯ. ಹಾಗಾಗಿ "ನೀನೂ ಬಾ" ಅಂದರೆ ಅವರು ಬೇಗ ಬರುವುದಿಲ್ಲ. ಯಾವ ಶಾಸ್ತ್ರದಲ್ಲಿ ಅವರು ಇರುತ್ತಾರೆ ಅಂತ ಪತ್ರದಲ್ಲಿ ಬಿಡಿಸಿ ಬರೆಯಬೇಕು.

ಆದರೆ ಬರೆಯುವ ಮೊದಲು ನಿಮ್ಮ ಮನೆಯಲ್ಲಿ ಮಾತಾಗಿರಬೇಕು. ಗಂಡ, ಅತ್ತೆ, ಶಾಸ್ತ್ರ ಮಾಡಿಸುವ ಅಯ್ಯನವರು, ಮೂವರಿಗೂ ಮೊದಲೇ ಹೇಳಿ. ಪತ್ರದಲ್ಲಿ ಆಸೆ ಹುಟ್ಟಿಸಿ, ಚಪ್ಪರದ ಕೆಳಗೆ ನಾಲ್ಕು ಜನರ ಎದುರು "ನೀವು ಸ್ವಲ್ಪ ಆಚೆ ಇರಿ" ಅಂತ ಅನ್ನಿಸಿದರೆ, ಕರೆಯದೇ ಇದ್ದದ್ದೇ ವಾಸಿ ಅನ್ನುವಂಥ ನೋವು ಅದು. ಆ ತಾಯಿ ಮನೆಯಲ್ಲಿ ಎರಡು ದಿನ ಮಾತಾಡಿ ಒಪ್ಪಿಸಿದ ಮೇಲೆ ನಾವು ಬರೆದದ್ದು ಹೀಗೆ: "ಅಕ್ಕ, ಚಪ್ಪರದ ದಿನ ಮಗಳ ತಲೆಗೆ ಮೊದಲ ಎಣ್ಣೆ ಇಡುವವಳು ನೀನೇ. ಅವಳನ್ನು ಎತ್ತಿ ಆಡಿಸಿದವಳು ನೀನು. ಮನೆಯಲ್ಲಿ ಎಲ್ಲರ ಜೊತೆ ಮಾತಾಡಿದ್ದೇವೆ, ಎಲ್ಲರಿಗೂ ಇದೇ ಬೇಕು. ಯಾರ ಮಾತಿಗೂ ಅಂಜಿ ತಡ ಮಾಡಬೇಡ. ನೀನು ಬರದಿದ್ದರೆ ಎಣ್ಣೆ ಬಟ್ಟಲು ಹಾಗೇ ಇರುತ್ತದೆ." ಆ ಅಕ್ಕ ಒಂದು ವಾರ ಮೊದಲೇ ಹೊಸದುರ್ಗದಿಂದ ಬಂದರು.

ಬಂದ ದಿನ

ಬಂದವಳಿಗೆ ಕಾಲಿಗೆ ನೀರು ಕೊಟ್ಟು, ಊಟಕ್ಕೆ ಬಡಿಸಿ. ಅವತ್ತೇ ಕೆಲಸ ಹೇಳಬೇಡಿ. ಸಂಜೆ ಅವಳ ಮನೆಗೆ ಫೋನ್ ಮಾಡಿ, ಸುಖವಾಗಿ ಬಂದಳು ಅಂತ ನೀವೇ ತಿಳಿಸಿ. ಮಾರನೇ ದಿನ ಮನೆಯೆಲ್ಲ ತೋರಿಸಿ. ಉಗ್ರಾಣದ ಸಾಮಾನಿನ ಪಟ್ಟಿ, ಮುಯ್ಯಿಯ ಹಳೆಯ ಪುಸ್ತಕ, ಟ್ರಂಕು, ಬೀರು. ಪತ್ರದಲ್ಲಿ ಬರೆಯದ ಕೆಲಸಕ್ಕೆ ಅವಳು ಕೈ ಹಾಕಿದರೆ ಬೇಡ ಅನ್ನಿ. ಪಾತ್ರೆ ತೊಳೆಯಲು ಕೂತಿದ್ದನ್ನು ಅವಳ ಕಡೆಯವರು ಯಾರಾದರೂ ನೋಡಿದರೆ ನೀವು ಬರೆದ ಮಾತು ಸುಳ್ಳಾಗುತ್ತದೆ.

ನನ್ನ ತಂಗಿ ಬುಧವಾರ ಬೆಳಿಗ್ಗೆ ಬೀಗದ ಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶುಕ್ರವಾರ ಚಪ್ಪರದ ಕೆಳಗೆ ನಾನು ಮಣೆ ಮೇಲೆ ಕೂತಿದ್ದಾಗ ಅಡುಗೆಯವನು ಬಾಗಿಲಿಗೆ ಬಂದು "ಅಮ್ಮಾ, ಎಣ್ಣೆ" ಅಂದ. ನಾನು ತಲೆ ಎತ್ತುವಷ್ಟರಲ್ಲಿ ಒಳಗೆ ಬೀಗ ತೆಗೆದ ಸದ್ದು ಕೇಳಿಸಿತು.